ಆಯ್ಕೆಗಳನ್ನು ಮುಚ್ಚಿ ನೋಡಿ

ಬಹು ಆಯ್ಕೆಯ ಪ್ರಶ್ನೆಯೊಂದನ್ನು ತಿದ್ದಿ ತೀಡಿ ಹದಕ್ಕೆ ತರುವ ಕೆಲಸ ನನಗೆ ಬಲು ಇಷ್ಟ. 'ಕಾವೇರಿ ನದಿಯು...' ಎಂದಷ್ಟೇ ಬರೆದು, ಕೆಳಗೆ 'ಕೊಡಗಿನಲ್ಲಿ ಹುಟ್ಟುತ್ತದೆ', 'ತಮಿಳುನಾಡಿನಲ್ಲಿ ಹರಿಯುತ್ತದೆ', 'ಬಂಗಾಳ ಕೊಲ್ಲಿಯನ್ನು ಸೇರುತ್ತದೆ', 'ಮೇಲಿನ ಎಲ್ಲವೂ' ಎಂದು ಕೊಟ್ಟಿರುವ ಪ್ರಶ್ನೆಯನ್ನೇ ನೋಡಿ. ಅಂಗೈಯಿಂದ ನಾಲ್ಕೂ ಆಯ್ಕೆಗಳನ್ನು ಮುಚ್ಚಿದರೆ ಉಳಿಯುವುದು ನದಿಯ ಹೆಸರು ಮಾತ್ರ. ಕೇಳಿದ್ದು ಹುಟ್ಟನ್ನೋ, ಹರಿವನ್ನೋ, ಕೊನೆಯನ್ನೋ ತಿಳಿಯುವುದಿಲ್ಲ. ಪಾಠ ಬಲ್ಲವರು ಆಯ್ಕೆಗಳನ್ನು ನೋಡುವ ಮೊದಲೇ ಉತ್ತರ ಹೇಳುವಂತಿದ್ದರೆ ಮಾತ್ರ ಅದನ್ನು ಪ್ರಶ್ನೆ ಎನ್ನಬಹುದು.

'ಮೇಲಿನ ಎಲ್ಲವೂ' ಮಾಡುವ ಕೇಡು ಇನ್ನೂ ದೊಡ್ಡದು. ಮೂರರಲ್ಲಿ ಎರಡು ಸರಿಯೆಂದು ತಿಳಿದ ಹುಡುಗಿ ಮೂರನೆಯದನ್ನು ಓದದೆಯೇ ಕೊನೆಯದಕ್ಕೆ ಗುರುತು ಹಾಕಿ ಪೂರ್ತಿ ಅಂಕ ಪಡೆಯುತ್ತಾಳೆ. ಮೊದಲನೆಯದೇ ಸರಿಯೆಂದು ಕಂಡು ಅಲ್ಲೇ ಗುರುತು ಹಾಕಿದ ಹುಡುಗನಿಗೆ ಸೊನ್ನೆ, ಅವನು ಬರೆದದ್ದು ನಿಜವೇ ಆಗಿದ್ದರೂ. ಮೂರರಲ್ಲಿ ಒಂದು ತಪ್ಪಿದ್ದು, ಅದು ಗೊತ್ತಾದರೆ ಅದರೊಂದಿಗೆ 'ಎಲ್ಲವೂ' ಕೂಡ ಬಿದ್ದುಹೋಗುತ್ತದೆ. ಊಹೆಗೆ ಉಳಿಯುವುದು ಎರಡೇ. ಒಂದೇ ಪ್ರಶ್ನೆಯಲ್ಲಿ ಹಲವು ಸಂಗತಿ ಪರೀಕ್ಷಿಸಬಹುದಲ್ಲ ಎನ್ನುವವರಿದ್ದಾರೆ. ಆ ಆಸೆ ತಪ್ಪಲ್ಲ, ಆದರೆ ಇದು ಅದನ್ನು ಈಡೇರಿಸುವುದಿಲ್ಲ. ಮೂರನ್ನೂ ಬಿಡಿಬಿಡಿಯಾಗಿ ಸರಿ-ತಪ್ಪು ಪ್ರಶ್ನೆಗಳಾಗಿ ಕೇಳಿದರೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂಬುದು ಕಾಣುತ್ತದೆ.

ಈಗ ಅದೇ ನದಿಯನ್ನು ಹೀಗೆ ಕೇಳೋಣ: 'ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಉಪನದಿ ಯಾವುದು?' ಆಯ್ಕೆಗಳು ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ. ನಾಲ್ಕೂ ಕಾವೇರಿಯ ಉಪನದಿಗಳೇ, ಹಾಗಾಗಿ ಹೆಸರು ಬಾಯಿಪಾಠ ಮಾಡಿದ್ದರೆ ಸಾಲದು. ನಕ್ಷೆ ಕಣ್ಮುಂದೆ ಇರುವವರಿಗೆ ಹಾರಂಗಿ ಅಣೆಕಟ್ಟೆಗಿಂತ ಬಹಳ ಮೇಲೆ, ಕೊಡಗಿನಲ್ಲೇ ಸೇರುವುದೂ, ಹೇಮಾವತಿ, ಲಕ್ಷ್ಮಣತೀರ್ಥಗಳು ಜಲಾಶಯದಲ್ಲೇ ಬೆರೆಯುವುದೂ, ಕಬಿನಿ ತಿರುಮಕೂಡಲಿನಲ್ಲಿ ಕೂಡುವುದೂ ತಿಳಿದಿರುತ್ತದೆ. ತಪ್ಪು ಉತ್ತರಗಳನ್ನು ಇಷ್ಟು ಹತ್ತಿರದಿಂದ ಆರಿಸಿ ತರುವುದರಲ್ಲೇ ಈ ಕೆಲಸದ ಸವಿಯಿದೆ. ಪ್ರಶ್ನೆ ಕಠಿಣವಾಗಲೆಂದು 'ಕಾವೇರಿಯನ್ನು ಸೇರದ ನದಿ ಯಾವುದಲ್ಲ?' ಎಂದು ತಿರುಚುವವರೂ ಉಂಟು. ಕನ್ನಡದಲ್ಲಿ ಇಡೀ ವಾಕ್ಯವನ್ನು ಅಲ್ಲಗಳೆಯುವ ನಿಷೇಧ ಬರುವುದು ಅದರ ತುದಿಗೆ. ಅಲ್ಲಿಗೆ ತಲುಪುವಷ್ಟರಲ್ಲಿ ಓದುಗ 'ಸೇರದ' ಎಂಬುದಕ್ಕೆ ಮನಸ್ಸು ಸಿದ್ಧಮಾಡಿಕೊಂಡಿರುತ್ತಾನೆ, 'ಅಲ್ಲ' ಬಂದು ಎಲ್ಲವನ್ನೂ ಮಗುಚುತ್ತದೆ. ಕಷ್ಟ ಹೆಚ್ಚಿತು, ನಿಜ. ಆದರೆ ಅದು ಭೂಗೋಳದ ಕಷ್ಟವಲ್ಲ. ರೋಗಿಗೆ ಯಾವ ಔಷಧ ಕೊಡಬಾರದು ಎಂಬಂಥ ಪ್ರಶ್ನೆಗೆ ನಿಷೇಧ ಬೇಕೇ ಬೇಕು. ಅಲ್ಲಿ ಒಂದನ್ನಷ್ಟೇ ಇಟ್ಟು ದಪ್ಪ ಅಕ್ಷರದಲ್ಲಿ ಅಚ್ಚುಮಾಡಿಸಿ. ಎರಡನೆಯದನ್ನು ದಯವಿಟ್ಟು ಹೊಡೆದುಹಾಕಿ.