ಸಾಬೂದಾನಿ ವಡಾ ಎಣ್ಣ್ಯಾಗ ಯಾಕ ಒಡೀತದ?

ಆಷಾಢ ಏಕಾದಶಿ ಹತ್ತರ ಬಂತಂದ್ರ ನನಗ ಎರಡು ಪ್ರಶ್ನಿ ಬರೋದು ಖರೇನ. ಒಂದು, ಸಾಬೂದಾನಿ ಖಿಚಡಿ ಯಾಕ ಮುದ್ದಿ ಆಗ್ತದ? ಎರಡನೇದು, ವಡಾ ಎಣ್ಣ್ಯಾಗ ಯಾಕ ಒಡೀತದ? ಖಿಚಡಿ ಮುದ್ದಿ ಆದ್ರ ಮೊಸರು ಹಾಕ್ಕೊಂಡು ಹೆಂಗೋ ತಿನ್ನಬಹುದು. ವಡಾ ಒಡದ್ರ ಹಂಗಲ್ಲ, ಕಾದ ಎಣ್ಣಿ ಕೈ ಮ್ಯಾಲೆ, ಮುಖದ ಮ್ಯಾಲೆ ಸಿಡೀತದ. ಅದಕ್ಕ ಇವತ್ತು ವಡಾದ್ದಷ್ಟ ಬರೀತೀನಿ.

ವಡಾ ಮಹಾರಾಷ್ಟ್ರದ ಕಡಿಯಿಂದ ನಮ್ಮ ಬೆಳಗಾವಿ, ಧಾರವಾಡದ ಮನಿಗಳಿಗೆ ಬಂದದ್ದು. ಸಂಕಷ್ಟಿ, ಏಕಾದಶಿ, ಶಿವರಾತ್ರಿ ಅಂದ್ರ ಈಗ ನಮ್ಮದ ಆಗಿಬಿಟ್ಟದ. ಸಾಮಾನು ನಾಕೈದ ಅವ, ಎಲ್ಲಾರಿಗೂ ಗೊತ್ತಿದ್ದವ. ಆದ್ರೂ ಒಬ್ಬರ ಮನ್ಯಾಗ ಚಂದ ಆಗ್ತಾವ, ಇನ್ನೊಬ್ಬರ ಮನ್ಯಾಗ ಪಟಾಕಿ ಹಾರಿದಂಗ ಹಾರ್ತಾವ. ಫರಕು ಇರೋದು ನೀರಿನ ಲೆಕ್ಕದಾಗ.

ನಮ್ಮ ಬಾಜೂ ಮನಿ ವೈನಿಯವರ ಸೊಸಿದ್ದ ಉದಾಹರಣಿ ಹೇಳ್ತೀನಿ. ಹೋದ ಸಲ ಸಂಕಷ್ಟಿ ದಿನ ಆಕಿ ವಡಾ ಕರಿಯೋ ಮುಂದ ಎರಡನೇ ಘಾಣಕ್ಕ ವಡಾ ಒಡದು, ಮುಂಗೈ ಮ್ಯಾಲೆ ಎಣ್ಣಿ ಬಿತ್ತು. ಸುಟ್ಟ ಕಲೆ ಹದಿನೈದು ದಿನ ಹೋಗಲಿಲ್ಲ. "ಕಾಕೂ, ಇನ್ನ ಮ್ಯಾಲೆ ವಡಾದ ಹೆಸರು ತಗೀಬ್ಯಾಡ್ರಿ" ಅಂದ್ಳು. ನಾ ಅಂದೆ, "ಬಿಡಬ್ಯಾಡ ತಂಗಿ, ಮುಂದಿನ ಸಂಕಷ್ಟಿಗೆ ನಿನ್ನ ಅಡಿಗಿಮನ್ಯಾಗ ನೀನ ಮಾಡು, ನಾ ಬಾಜೂಕ ನಿಂತು ನೋಡ್ತೀನಿ." ನೋಡಿದಾಗ ಎರಡು ಕಡೆ ಕಾರಣ ಸಿಕ್ತು, ಸಾಬೂದಾನ್ಯಾಗ ಒಂದು, ಬಟಾಟ್ಯಾಗ ಒಂದು.

ಮೊದಲು ಸಾಬೂದಾನಿ. ಇದು ಮರಗೆಣಸಿನ ಹಿಟ್ಟಿನಿಂದ ಮಾಡಿದ ಕಾಳು. ಒಣಾ ಸಾಬೂದಾನಿನ ಕಾದ ಎಣ್ಣ್ಯಾಗ ಹಾಕಿದ್ರ ಏನಾಗ್ತದ ಅಂತ ಚಿವಡಾ ಮಾಡಿದವರಿಗೆಲ್ಲಾ ಗೊತ್ತದ, ಪುಸ್ಸಂತ ಉಬ್ಬಿ ಎರಡು ಪಟ್ಟಾಗ್ತದ. ವಡಾದಾಗ ನಡುವ ಗಟ್ಟಿ ಉಳದ ಕಾಳು ಅದ ಕೆಲಸ ಮಾಡ್ತದ. ಒಳಗ ಉಬ್ಬಿ ಮ್ಯಾಲಿನ ಪದರ ಸೀಳ್ತದ, ಆ ಸೀಳಿನಾಗ ಎಣ್ಣಿ ಹೋಗ್ತದ, ಒಳಗಿನ ಹಸಿ ನೀರಿಗೆ ತಾಗ್ತದ, ಅಷ್ಟ, ಸಿಡೀತದ. ಆಕಿ ಬೆಳಿಗ್ಗೆ ಒಂಬತ್ತಕ್ಕ ನೆನಸಿ ಹನ್ನೊಂದಕ್ಕ ಕಲಸಾಕ ಕೂತಿದ್ಳು. ಕಾಳು ಮ್ಯಾಲೆ ಮೆತ್ತಗ ಕಾಣ್ತಿದ್ದವು. ಎರಡು ಬಟ್ಟಿನ ನಡುವ ಒತ್ತಿದ್ರ ಮಾತ್ರ ನಡುವ ಒಂದು ಬಿಳಿ ಚುಕ್ಕಿ ಗಟ್ಟಿ ಹತ್ತುತ್ತಿತ್ತು.

ನೆನಸೋದು ಹಿಂಗ್ರಿ. ದೊಡ್ಡ ಕಾಳಿನ ಸಾಬೂದಾನಿ ಒಂದು ವಾಟಿ ತಗೋರಿ. ಎರಡು ಮೂರು ನೀರಿನಾಗ ತೊಳಿರಿ, ಬೆಳ್ಳಗಿನ ನೀರು ಕಮ್ಮಿ ಆಗೋ ತನಕ. ಆ ಬಿಳಿ ನೀರು ಅಂದ್ರ ಹಿಟ್ಟು, ಅದು ಉಳದ್ರ ಕಾಳು ಒಂದಕ್ಕೊಂದು ಅಂಟಿ ಗೊಜ್ಜಾಗ್ತಾವ. ಆಮ್ಯಾಲೆ ಅದ ವಾಟಿಯಿಂದ ಮುಕ್ಕಾಲು ವಾಟಿ ನೀರು ಹಾಕಿ, ಮುಚ್ಚಿ ಐದಾರು ತಾಸು ಇಡ್ರಿ, ಇಲ್ಲಾ ರಾತ್ರಿ ಇಟ್ಟು ಮಲಗ್ರಿ. ನಡುವ ಒಂದು ಸಲ ಕೈಯಿಂದ ಹಗೂರ ತಳಮ್ಯಾಲೆ ಮಾಡ್ರಿ. ತಳದಾಗ ನೀರು ನಿಂತಿರಬಾರದು, ಕಾಳು ಬಿಡಿ ಬಿಡಿ ಇರಬೇಕು, ಒತ್ತಿದ್ರ ಪೂರಾ ಚಪ್ಪಟಿ ಆಗಿ ಬೆರಳಿಗೆ ಸವರಬೇಕು. ಒಂದ ಕಾಳು ಅಲ್ಲ, ಮ್ಯಾಲಿಂದೊಂದು, ತಳದಿಂದೊಂದು, ಬದಿಯಿಂದೊಂದು ಒತ್ತಿ ನೋಡ್ರಿ. ನಡುವ ಗಟ್ಟಿ ಹತ್ತಿದ್ರ ಎರಡು ಚಮಚ ನೀರು ಚಿಮುಕಿಸಿ ಅರ್ಧ ತಾಸು ಬಿಡ್ರಿ. ನೀರು ಜಾಸ್ತಿ ಆಗಿದ್ರ ಜಾಲರಿಯೊಳಗ ಸೋಸಿ, ಒಣಾ ಅರಿವಿ ಮ್ಯಾಲೆ ಹರವಿ ಇಪ್ಪತ್ತು ನಿಮಿಷ ಇಡ್ರಿ. ಅಂಗಡ್ಯಾಗ ನೈಲಾನ್ ಸಾಬೂದಾನಿ ಅಂತ ಕನ್ನಡಿಯಂಥಾದು ಸಿಗ್ತದ, ಅದು ವಡಾಕ್ಕ ಬ್ಯಾಡ.

ಎರಡನೇದು ಬಟಾಟಿ. ಆಕಿ ಸಿಪ್ಪಿ ತಗದು, ಹೋಳು ಮಾಡಿ ಕುದಿಸಿದ್ಳು. ಹೋಳು ಮಾಡಿದ್ರ ನಾಕೂ ಕಡೆಯಿಂದ ನೀರು ಕುಡೀತದ. ಮ್ಯಾಲೆ ಬಿಸಿ ಬಿಸಿ ಇದ್ದಾಗ ಹಿಸುಕಿದ್ಳು, ಅದು ಅಂಟಂಟಾತು. ಇಡೀ ಬಟಾಟಿ ಸಿಪ್ಪಿ ಸಮೇತ ಕುದಿಸಿ, ಪೂರಾ ಆರಿದ ಮ್ಯಾಲೆ ಸುಲದು, ತುರಿಮಣ್ಯಾಗ ತುರೀರಿ. ಹಿಂದಿನ ರಾತ್ರಿ ಕುದಿಸಿ ಫ್ರಿಜ್ಜಿನ್ಯಾಗ ಇಟ್ಟದ್ದಾದ್ರ ಇನ್ನೂ ಚೊಲೋ, ಒಣಾ ಒಣಾ ಬರ್ತದ. ಒಂದು ವಾಟಿ ಸಾಬೂದಾನಿಗೆ ಮಧ್ಯಮ ಗಾತ್ರದ ಎರಡು ಬಟಾಟಿ ಸಾಕು. ಬಟಾಟಿ ಕಮ್ಮಿ ಆದ್ರ ವಡಾ ಕೈಯಾಗ ಉದುರ್ತದ. ಹೆಚ್ಚಾದ್ರ ಎಣ್ಣಿ ಕುಡೀತದ, ಗರಿಗರಿನೂ ಬರೂದಿಲ್ಲ.

ಇನ್ನ ಶೇಂಗಾ. ಇದನ್ನ ಬರೇ ರುಚಿಗೆ ಅಂತ ತಿಳೀಬ್ಯಾಡ್ರಿ. ಸಾಬೂದಾನಿ ಬಿಸಿ ಆದ ಕೂಡ್ಲೆ ಅಂಟಾಗಿ, ಎಲ್ಲಾ ಕಾಳು ಕೂಡಿ ರಬ್ಬರಿನಂಥಾ ಪದರ ಆಗ್ತದ. ಒಳಗಿನ ನೀರು ಹಬೆ ಆಗಿ ಹೊರಗ ಬರಾಕ ದಾರಿ ಬೇಕಲ್ಲಾ? ಶೇಂಗಾದ ತರಿ ಆ ಅಂಟಿನ ನಡುವ ಕೂತು ಸಣ್ಣ ಸಣ್ಣ ದಾರಿ ಬಿಡ್ತದ, ಮ್ಯಾಲೆ ಹೆಚ್ಚಿನ ಹಸಿನೂ ಹೀರ್ತದ. ಅರ್ಧ ವಾಟಿ ಶೇಂಗಾ ಸಣ್ಣ ಉರಿ ಮ್ಯಾಲೆ ಹುರದು, ಆರಿಸಿ, ಸಿಪ್ಪಿ ಊದಿ, ಮಿಕ್ಸರಿನ್ಯಾಗ ಎರಡ ಸಲ ತಿರುಗಿಸಿ ಬಿಡ್ರಿ. ರವಾದಂಗ ತರಿತರಿ ಇರಬೇಕು. ನುಣ್ಣಗ ಮಾಡಿದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತದ.

ಈಗ ಕಲಸೋದು. ಸಾಬೂದಾನಿ, ಬಟಾಟಿ, ಶೇಂಗಾ ಪುಡಿ, ಕುಟ್ಟಿದ ಎರಡು ಮೂರು ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಗಿ, ಉಪಾಸಕ್ಕ ನಡೀತಿದ್ರ ಸ್ವಲ್ಪ ಕೊತ್ತಂಬರಿ. ಹಸಿಮೆಣಸಿನಕಾಯಿ ಇಡೀ ಹೋಳು ಹಾಕಬ್ಯಾಡ್ರಿ, ಅದರ ಹೊಟ್ಟ್ಯಾಗಿನ ಗಾಳಿ, ನೀರು ಎರಡೂ ಸಿಡೀತಾವ. ಉಪ್ಪು ಎಲ್ಲಾದಕ್ಕಿಂತ ಕಡೀಕ, ಕರಿಯಾಕ ಎಣ್ಣಿ ಇಟ್ಟ ಮ್ಯಾಲೆ ಹಾಕ್ರಿ. ಮೊದಲ ಹಾಕಿಟ್ರ ನೀರು ಬಿಡ್ತದ. ಚಪಾತಿ ಹಿಟ್ಟಿನಂಗ ನಾದಬ್ಯಾಡ್ರಿ, ಒಂದಕ್ಕೊಂದು ಹತ್ತಿದ್ರ ಸಾಕು. ಸಡಲ ಅನಿಸಿದ್ರ ಒಂದು ಚಮಚ ರಾಜಗಿರಿ ಹಿಟ್ಟು ಹಾಕ್ರಿ, ನೀರು ಮಾತ್ರ ಒಂದ ಹನಿನೂ ಬ್ಯಾಡ.

ಅಂಗೈಗೆ ಎಣ್ಣಿ ಸವರಿ, ದೊಡ್ಡ ಲಿಂಬಿಹಣ್ಣಿನಷ್ಟು ಉಂಡಿ ಮಾಡಿ, ಚಪ್ಪಟಿ ಒತ್ತಿರಿ. ದಪ್ಪ ಅರ್ಧ ಇಂಚಿಗಿಂತ ಹೆಚ್ಚಿರಬಾರದು. ಬದಿಯ ಬಿರುಕೆಲ್ಲಾ ಬೆರಳಿಂದ ಒತ್ತಿ ಮುಚ್ರಿ, ಎಣ್ಣಿ ಒಳಗ ಹೋಗೋದು ಅಲ್ಲಿಂದನ. ಉಂಡಿ ದುಂಡಗ ಬಿಟ್ರ ಹೊರಗ ಕೆಂಪಾದ್ರೂ ಒಳಗ ಹಸಿ ಉಳೀತದ, ಹಬೆನೂ ಅಲ್ಲೇ ಸಿಕ್ಕೊಂಡಿರ್ತದ. ಈ ಲೆಕ್ಕಕ್ಕ ಹನ್ನೆರಡರ ಆಜೂಬಾಜೂ ವಡಾ ಆಗ್ತಾವ.

ಎಣ್ಣಿ ಕಡಾಯಿಯ ಅರ್ಧಕ್ಕಿಂತ ಕೆಳಗ ಇರಲಿ. ಕಾದದ್ದು ನೋಡಾಕ ಕಡ್ಲಿಕಾಳಿನಷ್ಟು ಹಿಟ್ಟು ಬಿಡ್ರಿ. ತಳಕ್ಕ ಮುಟ್ಟಿ, ಗುಳ್ಳಿ ಬಿಟ್ಟಕೋತ ನಿಧಾನ ಮ್ಯಾಲೆ ಬಂದ್ರ ಹದಾ ಆಗೇದ. ಅಲ್ಲೇ ಕೂತ್ರ ಇನ್ನೂ ಕಾಯಬೇಕು, ಇಲ್ಲಾಂದ್ರ ವಡಾ ಬಿಚ್ಚಿ ಎಣ್ಣಿ ಕುಡೀತಾವ. ಬಿಟ್ಟ ಕೂಡ್ಲೆ ಮ್ಯಾಲೆ ಹಾರಿ ಕೆಂಪಾದ್ರ ಬಾಳ ಕಾದದ. ಬಾಳ ಕಾದ ಎಣ್ಣ್ಯಾಗ ಮ್ಯಾಲಿನ ಪದರ ಒಮ್ಮೆಲೆ ಗಟ್ಟಿ ಆಗಿ, ಹಬೆಗೆ ದಾರಿ ಮುಚ್ಚಿ, ಆಮ್ಯಾಲೆ ಒಡೀತದ. ಆಗ ಗ್ಯಾಸ್ ಸಣ್ಣ ಮಾಡಿ ಎರಡು ನಿಮಿಷ ಬಿಡ್ರಿ.

ಇಲ್ಲಿ ನನ್ನ ಒಂದು ಮಾತು ಕೇಳ್ರಿ. ಮೊದಲ ಒಂದ ವಡಾ ಬಿಡ್ರಿ, ಝಾರಿ ಮ್ಯಾಲಿಂದ ಜಾರಿಸಿ. ಒಂದು ಹೆಜ್ಜಿ ಹಿಂದ ಸರದು ನಿಂದರ್ರಿ. ಅದು ತಣ್ಣಗ ಕರಿದ್ರ ಉಳದದ್ದೂ ಕರೀತಾವ. ಅದು ಬಿರಿದ್ರ ಉಳದ ಹಿಟ್ಟಿಗೆ ಇನ್ನೆರಡು ಚಮಚ ಶೇಂಗಾ ಪುಡಿ, ಒಂದು ಚಮಚ ರಾಜಗಿರಿ ಹಿಟ್ಟು ಕೂಡಿಸಿ, ತೆಳ್ಳಗ ಒತ್ತಿ ಇನ್ನೊಂದು ಬಿಟ್ಟು ನೋಡ್ರಿ. ಕಾಳ ಗಟ್ಟಿ ಉಳದಿದ್ರ ಮಾತ್ರ ಇದಕ್ಕ ಔಷಧ ಇಲ್ಲ. ಆಗ ಕರಿಯೋದು ಬಿಟ್ಟು, ತವಾಕ್ಕ ಎಣ್ಣಿ ಸವರಿ ಥಾಲಿಪೆಟ್ಟಿನಂಗ ತಟ್ಟಿ, ಮುಚ್ಚಿ ಬೇಯಸ್ರಿ. ರುಚಿಗೇನೂ ಕಮ್ಮಿ ಇಲ್ಲ, ಕೈನೂ ಸುಡೂದಿಲ್ಲ.

ಸರಿ ಇದ್ರ ನಾಕು ನಾಕು ಬಿಡ್ರಿ, ಒತ್ತೊತ್ತಾಗಿ ಬ್ಯಾಡ. ಮೊದಲ ಒಂದು ನಿಮಿಷ ಮುಟ್ಟಬ್ಯಾಡ್ರಿ, ಪದರ ಹಿಡಿಯಾಕ ಬಿಡ್ರಿ. ಆಮ್ಯಾಲೆ ತಿರುವಿ ಹಾಕಿ, ಮಧ್ಯಮ ಉರಿ ಮ್ಯಾಲೆ ಆರೇಳು ನಿಮಿಷ ಕರೀರಿ. ಗುಳ್ಳಿ ನೋಡಕೋತ ಇರ್ರಿ. ಮೊದಲ ಜೋರು ಇರ್ತಾವ, ಅದು ಹೊರಗ ಬರೋ ನೀರು. ಗುಳ್ಳಿ ಕಮ್ಮಿ ಆಗಿ, ಸಪ್ಪಳ ತಗ್ಗಿ, ಬಂಗಾರದ ಬಣ್ಣ ಬಂತಂದ್ರ ತಗೀರಿ. ನಡುವ ಜೋರು ಚಟಪಟ ಶುರು ಆದ್ರ ಗ್ಯಾಸ್ ಆರಿಸಿ ಹಿಂದ ಸರೀರಿ. ತಟ್ಟಿ ಮುಚ್ಚಬ್ಯಾಡ್ರಿ, ಅದಕ್ಕ ಹತ್ತಿದ ಹಬೆ ನೀರಾಗಿ ಎಣ್ಣ್ಯಾಗ ಬಿದ್ದು ಇನ್ನೂ ಸಿಡೀತದ. ಮುಚ್ಚೋದಿದ್ರ ಜಾಳಿಗಿ ಮುಚ್ಚರಿ.

ಅವತ್ತು ಆಕಿ ಅರ್ಧ ತಾಸು ಹೆಚ್ಚಿಗೆ ಕಾದು, ಕಾಳು ಒತ್ತಿ ನೋಡಿ, ಬಟಾಟಿ ಬ್ಯಾರೆ ಇಡೀದು ಕುದಿಸಿ ಆರಿಸಿ ಮಾಡಿದ್ಳು. ಊಟ ಒಂದು ಗಂಟೆಗೆ ಆಗೋದು ಎರಡೂವರಿಗೆ ಆತು, ಅವರ ಮಾವನವರು ಎರಡು ಸಲ ಬಾಗಿಲಿಗೆ ಬಂದು ಹೋದ್ರು. ಹದಿಮೂರು ವಡಾದಾಗ ಒಂದೂ ಒಡೀಲಿಲ್ಲ.

ತಗದ ವಡಾ ತೂತಿನ ಜಾಲರಿ ಮ್ಯಾಲೆ ಬಿಡಿ ಬಿಡಿ ಇಡ್ರಿ. ಡಬ್ಬ್ಯಾಗ ಮುಚ್ಚಿಟ್ರ ತಮ್ಮ ಹಬೆಗೆ ತಾವ ಮೆತ್ತಗಾಗ್ತಾವ. ಮುರದಾಗ ಒಳಗಿನ ಕಾಳು ಕನ್ನಡಿಯಂಗ ಕಾಣಬೇಕು, ಬೆಳ್ಳಗ ಕಂಡ್ರ ಇನ್ನೂ ಹಸಿ ಅದ. ಸಿಹಿ ಮೊಸರು, ಇಲ್ಲಾ ಶೇಂಗಾ ಹಸಿಮೆಣಸಿನಕಾಯಿ ಚಟ್ನಿ ಜೋಡಿ ಅರ್ಧ ತಾಸಿನೊಳಗ ತಿನ್ನಬೇಕು. ಹಿಂದಾಗಡೆ ಬರೋರು ಇದ್ರ ನೆನಸಿದ ಸಾಬೂದಾನಿ, ತುರದ ಬಟಾಟಿ, ಶೇಂಗಾ ಪುಡಿ ಬ್ಯಾರೆ ಬ್ಯಾರೆ ಇಟ್ಟು, ಅವರು ಕೈಕಾಲು ತೊಳಿಯಾಕ ಹೋದಾಗ ಕಲಸ್ರಿ. ಕಲಸಿಟ್ಟ ಹಿಟ್ಟು ಫ್ರಿಜ್ಜಿನ್ಯಾಗ ನೀರು ಬಿಡ್ತದ, ಮರುದಿನ ಅದನ್ನ ಎಣ್ಣಿಗೆ ಬಿಡಬ್ಯಾಡ್ರಿ, ತವಾದ ಮ್ಯಾಲೆ ತಟ್ಟರಿ.