ಯಾವುದು ಮೊದಲೋ ಅದು

ನಮ್ಮ ಕಾರಿನ ಕೈಪಿಡಿಯಲ್ಲಿ ಒಂದು ಸಾಲಿದೆ: 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಹೈದರಾಬಾದಿನ ನಮ್ಮ ಭಾವನವರಿಗೆ ಈ ಸಾಲಿನ ಮೊದಲರ್ಧವೇ ಸಾಕು. ತಿಂಗಳಿಗೆ ಎರಡು ಸಾವಿರದ ಮೇಲೆ ಓಡಿಸುವವರಿಗೆ ಐದು ತಿಂಗಳೊಳಗೇ ಸರ್ವಿಸ್ ಬಂದುಬಿಡುತ್ತದೆ. ಡೊಂಬಿವಲಿಯ ನಮ್ಮ ಪಾಲಿಗೆ ಬಂದಿರುವುದು ಎರಡನೆಯ ಅರ್ಧ. ಕೆಲಸಕ್ಕೆ ಲೋಕಲ್ ಟ್ರೇನು; ಕಾರು ಸ್ಟೇಷನ್ನಿಗೆ, ತರಕಾರಿಗೆ, ಮಳೆಗಾಲದಲ್ಲಿ ಮಗಳ ಕ್ಲಾಸಿಗೆ. ಊರಿಗೂ ಕಳೆದ ವರ್ಷ ರೈಲಲ್ಲೇ ಹೋಗಿದ್ದೆವು. ಈ ಏಪ್ರಿಲ್ಲಿನಲ್ಲಿ ಫೋನಿಗೆ ‘ಸರ್ವಿಸ್ ಸಮಯ’ ಎಂಬ ಸಂದೇಶ ಬಂದಾಗ, ಹಿಂದಿನ ಸರ್ವಿಸ್ ಆದಮೇಲೆ ಓಡಿದ್ದು ಬರೀ 2,400 ಕಿಲೋಮೀಟರ್.

ಪಕ್ಕದ ಮನೆಯ ನಿವೃತ್ತ ರಾಯರು ನಕ್ಕರು. “ಇನ್ನೂ ಏಳು ಸಾವಿರದ ಮೇಲೆ ಬಾಕಿ ಇದೆಯಲ್ಲ ಮಾರಾಯ್ರೆ, ಯಾಕೆ ಸುಮ್ಮನೆ ದುಡ್ಡು?”

ರಾಯರ ಲೆಕ್ಕ ತಪ್ಪಲ್ಲ, ಅರ್ಧ ಮಾತ್ರ. ನಮ್ಮ ರಸ್ತೆಯಲ್ಲಿ ಸರಾಸರಿ ವೇಗ ಗಂಟೆಗೆ 12 ಕಿಲೋಮೀಟರ್ ಎಂದಿಟ್ಟುಕೊಂಡರೆ, 2,400 ಕಿಲೋಮೀಟರಿಗೆ ಎಂಜಿನ್ 200 ಗಂಟೆ ದುಡಿದಿದೆ. ಅದೇ 200 ಗಂಟೆ ಹೆದ್ದಾರಿಯಲ್ಲಿ 60ರ ವೇಗದಲ್ಲಿ ಓಡಿದ್ದರೆ 12,000 ಆಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತು ಗುರುಗುಟ್ಟಿದ್ದು ಕಿಲೋಮೀಟರಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಅದಕ್ಕಿಂತ ಕೆಟ್ಟದ್ದು ಎರಡು ಕಿಲೋಮೀಟರಿನ ಓಡಾಟ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ತಣ್ಣನೆಯ ಎಂಜಿನ್ನಿನೊಳಗೆ ಹನಿಯಾಗಿ ಆಯಿಲ್ ಸೇರುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಹಾಗೇ ಇದ್ದರೆ ಆ ನೀರು ಆವಿಯಾಗಿ ಹೋಗುತ್ತದೆ. ಸ್ಟೇಷನ್ ತಲುಪುವಷ್ಟರಲ್ಲಿ ಅದು ಆಗುವುದಿಲ್ಲ. ಆಯಿಲ್ ತುಂಬುವ ಮುಚ್ಚಳ ತಿರುವಿ ಅದರ ಒಳಮೈ ನೋಡಿ: ಹಾಲು ಬೆರೆಸಿದ ಕಾಫಿ ಬಣ್ಣದ ಕೆನೆ ಕೂತಿದ್ದರೆ ಇದೇ ಕತೆ. ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಮಾತ್ರ ಅದು ಬೇರೆಯೇ ರೋಗ, ಹೆಡ್ ಗ್ಯಾಸ್ಕೆಟ್ಟಿನದಿರಬಹುದು, ತಡಮಾಡಬಾರದು. ನಮ್ಮದರಲ್ಲಿ ಕೂಲಂಟ್ ಗೆರೆಯಲ್ಲೇ ಇತ್ತು. ಕೆನೆ ಮಾತ್ರ ಇತ್ತು. ಆಯಿಲ್ ಬದಲಿಸಿದೆವು.

ಆದರೆ ನನಗೆ ನಿಜವಾಗಿ ಚಿಂತೆಯಿದ್ದದ್ದು ಬ್ರೇಕ್ ಆಯಿಲಿನದು. ಈ ಸಲ ಮೇ ತಿಂಗಳಲ್ಲಿ ಅಮ್ಮನನ್ನು ಕೂರಿಸಿಕೊಂಡು ಕಾರಲ್ಲೇ ಕುಮಟೆಗೆ ಹೊರಟಿದ್ದೆವು, ಹುಬ್ಬಳ್ಳಿಯ ಮೇಲೆ. ಯಲ್ಲಾಪುರ ದಾಟಿದರೆ ಅರಬೈಲು ಘಟ್ಟ.

ಬ್ರೇಕ್ ಆಯಿಲ್ ಕಾರು ನಿಂತಿದ್ದರೂ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ಎಂಬ ಬಗೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಗೆರೆ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತುತ್ತಾ ಬಂದರೆ ಚಕ್ರದ ಬಳಿಯ ಕಾವು ಅಲ್ಲಿಗೆ ಮುಟ್ಟಬಹುದು. ಕುದಿದರೆ ಗುಳ್ಳೆ, ದ್ರವ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಊರಿನೊಳಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅಲ್ಲಿ ಅಷ್ಟು ಕಾವೇರುವುದಿಲ್ಲ.

ಹೀಗಾಗಿ ಇದಕ್ಕೆ ಬೇರೆಯದೇ ಗಡಿಯಾರ. ಬಹಳಷ್ಟು ಕಾರುಗಳಲ್ಲಿ ಎರಡು ವರ್ಷ. ನಮ್ಮ ಕೈಪಿಡಿಯಲ್ಲೂ ಅಷ್ಟೇ. ವರ್ಷದ ಸರ್ವಿಸ್ ಮುಗಿಸಿ ಜ್ಞಾಪನೆಯನ್ನು ಮತ್ತೆ ಸೊನ್ನೆಗೆ ತಂದಾಗ ಈ ಗಡಿಯಾರ ತಾನಾಗಿ ಸೊನ್ನೆಯಾಗುವುದಿಲ್ಲ. ಹಳೆಯ ಬಿಲ್ಲುಗಳನ್ನು ಹರಡಿಕೊಂಡು ಕೂತೆ. ಕಳೆದ ವರ್ಷದ್ದರಲ್ಲಿ ‘ಬ್ರೇಕ್ ಆಯಿಲ್ ಟಾಪ್‌ಅಪ್’, ಅದಕ್ಕೂ ಹಿಂದಿನದರಲ್ಲಿ ‘ಪರೀಕ್ಷಿಸಲಾಗಿದೆ’. ಬದಲಿಸಿದ್ದು ಮೂರು ವರ್ಷದ ಹಿಂದೆ. ಮೇಲೆ ಒಂದಿಷ್ಟು ಹೊಸದು ಸುರಿದರೆ ಕೆಳಗೆ ಚಕ್ರದ ಬಳಿ ಇರುವ ಹಳೆಯದರ ನೀರು ಎಲ್ಲಿಗೂ ಹೋಗುವುದಿಲ್ಲ.

ಗ್ಯಾರೇಜಿನ ಹುಡುಗ ಪೆನ್ನಿನಂಥ ಸಾಧನವನ್ನು ಡಬ್ಬಿಯೊಳಗೆ ಅದ್ದಿದ. ಹಳದಿ ದೀಪ.

“ಚಲ್ ಜಾಯೇಗಾ ಸರ್, ಡಬ್ಬೇ ಮೇ ತೋ ಠೀಕ್ ಹೈ.”

ಡಬ್ಬಿಯಲ್ಲಿ ಇದ್ದದ್ದು ಕಳೆದ ವರ್ಷ ಸುರಿದ ಹೊಸದೂ ಸೇರಿದ್ದು. ಕುದಿಯುವುದು ಅಲ್ಲಲ್ಲ, ಚಕ್ರದ ಬಳಿ. ಪೂರ್ತಿ ಬದಲಿಸಲು ಹೇಳಿ ಪಕ್ಕದಲ್ಲೇ ನಿಂತೆ. ಒಬ್ಬ ಪೆಡಲ್ ಒತ್ತಿದ, ಇನ್ನೊಬ್ಬ ಒಂದೊಂದೇ ಚಕ್ರದ ತಿರುಪು ಬಿಚ್ಚಿದ. ಪಾರದರ್ಶಕ ಕೊಳವೆಯಲ್ಲಿ ಮೊದಲು ಬಂದದ್ದು ಚಹಾದ ಡಿಕಾಕ್ಷನ್ ಬಣ್ಣ; ತಿಳಿ ಹಳದಿ ಬರುವವರೆಗೂ ಬಿಟ್ಟರು.

ಬಿಲ್ಲಿನಲ್ಲಿ ‘ಬದಲಿಸಲಾಗಿದೆ’ ಎಂದೇ ಬರೆಸಿಕೊಂಡೆ. ಮುಂದಿನ ತಾರೀಖನ್ನು ಫೋನಿನಲ್ಲಿ ಬೇರೆಯಾಗಿ ಹಾಕಿಟ್ಟೆ, ಕಿಲೋಮೀಟರಿನ ಗೊಡವೆಯಿಲ್ಲದೆ. ಅರಬೈಲಿನಲ್ಲಿ ಎರಡನೇ ಗೇರಿನಲ್ಲೇ ಇಳಿದೆವು. ಎದುರಿಗೆ ಅದಿರಿನ ಲಾರಿಗಳು. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು.