ಮಾರ್ಚ್‌ನಲ್ಲಿ ಸಾಹುಕಾರರು, ಜೂನ್‌ನಲ್ಲಿ ಸಾಲಗಾರರು (ಮನೆ ಲೆಕ್ಕ, ಭಾಗ 4)

ಹೋದ ಭಾಗಕ್ಕೆ ತುಂಬಾ ಜನ ಒಂದೇ ಪ್ರಶ್ನೆ ಹಾಕಿದ್ರಿ: "ನಿಮ್ಮಪ್ಪ ಇನ್ಶೂರೆನ್ಸ್ ಏಜೆಂಟ್ ಅಂದ್ಯಲ್ಲ, ಸಂಬಳ ಎಷ್ಟು?"

ಸೊನ್ನೆ. ಅಪ್ಪ ಎಲ್‌ಐಸಿ ಏಜೆಂಟ್. ಕಮಿಷನ್ ಮಾತ್ರ, ತಿಂಗಳ ಸಂಬಳ ಅನ್ನೋದಿಲ್ಲ. ಬೆಳಗ್ಗೆ ಯಲಹಂಕದಿಂದ ಗಾಡಿ ತಗೊಂಡು ಯಶವಂತಪುರದ ಎಪಿಎಂಸಿ ಯಾರ್ಡ್‌ಗೆ ಹೋಗಿ, ಅಲ್ಲಿಂದ ಆರ್.ಟಿ. ನಗರದ ನಾಲ್ಕು ಮನೆ ಸುತ್ತಿ, ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತು ವಾಪಸ್ ಬಂದ್ರೂ, ಯಾರೂ ಸಹಿ ಹಾಕದಿದ್ರೆ ಆ ದಿನದ ಪೆಟ್ರೋಲ್ ಕೂಡ ನಮ್ಮದೇ.

ಈಗ ಕಮಿಷನ್ ಹೇಗೆ ಬರತ್ತೆ ನೋಡಿ. ಯಾರ್ಡ್‌ನ ಒಬ್ಬ ವ್ಯಾಪಾರಿ ವರ್ಷಕ್ಕೆ 30,000 ರೂಪಾಯಿ ಪ್ರೀಮಿಯಂನ ದೀರ್ಘಾವಧಿ ಪಾಲಿಸಿ ತಗೊಂಡ್ರು ಅಂತಿಟ್ಕೊಳ್ಳಿ. ಹಳೇ ದರದಲ್ಲಿ ಮೊದಲ ವರ್ಷ ಬೋನಸ್ ಕಮಿಷನ್ ಸೇರಿ 35%, ಅಂದ್ರೆ 10,500. ಎರಡನೇ, ಮೂರನೇ ವರ್ಷ 7.5%, ಅಂದ್ರೆ 2,250. ಆಮೇಲೆ ಅವರು ಕಟ್ಟೋವರೆಗೂ ವರ್ಷಕ್ಕೆ 5%, 1,500. ಈ ಎರಡನೇ ವರ್ಷದಿಂದ ಬರೋದನ್ನೇ ರಿನ್ಯೂವಲ್ ಕಮಿಷನ್ ಅನ್ನೋದು. 2024ರ ಅಕ್ಟೋಬರ್ 1ರಿಂದ ಹೊಸ ಪಾಲಿಸಿಗಳಿಗೆ ಮೊದಲ ವರ್ಷದ್ದು 28ಕ್ಕೆ ಇಳೀತು, 5 ಇದ್ದಿದ್ದು 7.5 ಆಯ್ತು. ಅಪ್ಪನಿಗೆ ಸಿಟ್ಟು. ನನಗೆ ಮಾತ್ರ ಇದು ಮನೆಗೆ ಒಳ್ಳೇದೇ ಅನ್ಸತ್ತೆ. ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಇನ್ನೊಂದು ವಿಷಯ. ಗ್ರಾಹಕರು ತಿಂಗಳು ತಿಂಗಳು ಕಟ್ಟಿದ್ರೆ ಕಮಿಷನ್ನೂ ತಿಂಗಳು ತಿಂಗಳು ತುಣುಕಾಗಿ ಬರತ್ತೆ. ಒಟ್ಟಿಗೆ ಕಟ್ಟಿದ್ರೆ ಒಟ್ಟಿಗೆ. ಟ್ಯಾಕ್ಸ್ ಉಳಿಸೋಕೆ ಪಾಲಿಸಿ ತಗೊಳ್ಳೋರು ಒಟ್ಟಿಗೆ ಕಟ್ಟೋದು ಯಾವಾಗ? ಮಾರ್ಚ್‌ನಲ್ಲಿ!

2024ರ ಮಾರ್ಚ್‌ನಲ್ಲಿ ಅಪ್ಪ ಆರು ಪಾಲಿಸಿ ಮಾಡಿದ್ರು. ಒಟ್ಟು ಪ್ರೀಮಿಯಂ 2,40,000. ಕಮಿಷನ್ 84,000, ಅದರಲ್ಲಿ 5% ಟಿಡಿಎಸ್ ಹೋಗಿ ಕೈಗೆ 79,800. ಆ ವಾರ ನಮ್ಮನೆಗೆ ಹೊಸ ಫ್ರಿಜ್ ಬಂತು, ಅತ್ತೆ ಹತ್ರ ತಗೊಂಡಿದ್ದ ಕೈಸಾಲ ತೀರಿತು, ಅಪ್ಪ ಹೊಸ ಸ್ಕೂಟರ್‌ಗೆ ಡೌನ್ ಪೇಮೆಂಟ್ ಕಟ್ಟಿ ಬಂದ್ರು. ಏಪ್ರಿಲ್‌ನಲ್ಲಿ ಹೊಸ ಪಾಲಿಸಿ ಒಂದೂ ಇಲ್ಲ, ಮೇನಲ್ಲೂ ಇಲ್ಲ. ಜೂನ್‌ನಲ್ಲಿ ಒಟ್ಟು ಬಂದಿದ್ದು 5,200. ಅದೇ ಜೂನ್‌ನಲ್ಲಿ ನನ್ನ ಕಾಲೇಜ್ ಫೀಸ್. ಅಮ್ಮನ ಎರಡು ಬಳೆ ಅಡ ಇಟ್ವಿ. ಅಮ್ಮ ಏನೂ ಅನ್ಲಿಲ್ಲ, ಬ್ಲೌಸ್ ಹೊಲಿಯುವಾಗ ಕೈ ಹಗುರ ಆಯ್ತು ಅಂತ ನಕ್ಕರು. ಆ ನಗು ನನಗೆ ಇನ್ನೂ ಮರೆತಿಲ್ಲ.

ಆಗ ಅಪ್ಪನ ಡೈರಿ ತಗೊಂಡು ಕೂತೆ. (ಬಿಕಾಂ ಓದಿದ್ದಕ್ಕೆ ಅಷ್ಟಾದ್ರೂ ಮಾಡ್ಬೇಕಲ್ಲ.) ಒಂದೊಂದು ಪಾಲಿಸಿ ಯಾವ ತಿಂಗಳಿಗೆ ಡ್ಯೂ, ಎಷ್ಟು ಪ್ರೀಮಿಯಂ, ಎಷ್ಟನೇ ವರ್ಷ ಅಂತ ಒಂದು ಶೀಟ್‌ಗೆ ಹಾಕಿದೆ. ಎಲ್ಲರೂ ಸರಿಯಾಗಿ ಕಟ್ಟಿದ್ರೆ ವರ್ಷಕ್ಕೆ ರಿನ್ಯೂವಲ್ ಎಷ್ಟು ಬರಬೇಕು? 1,82,000. ವರ್ಷದ ಕೊನೆಗೆ ನಿಜವಾಗಿ ಬಂದಿದ್ದು 1,68,000. ನಡುವಿನ 14,000 ಎಲ್ಲಿ ಹೋಯ್ತು? ಕಟ್ಟೋದು ನಿಲ್ಲಿಸಿದವರ ಪಾಲಿಸಿಗಳಲ್ಲಿ. ಡ್ಯೂ ದಿನ ದಾಟಿದ ಮೇಲೆ ವರ್ಷಕ್ಕೊಮ್ಮೆ ಕಟ್ಟೋರಿಗೆ 30 ದಿನ, ತಿಂಗಳಿಗೊಮ್ಮೆ ಕಟ್ಟೋರಿಗೆ 15 ದಿನ ಗ್ರೇಸ್ ಇರತ್ತೆ. ಅದೂ ದಾಟಿದ್ರೆ ಪಾಲಿಸಿ ಲ್ಯಾಪ್ಸ್, ಜೊತೆಗೆ ನಮ್ಮ ರಿನ್ಯೂವಲ್ಲೂ.

ಯಾರದ್ದು ಲ್ಯಾಪ್ಸ್ ಆಗಿದೆ ಅಂತ ಹುಡುಕಿದ್ರೆ ಹೆಚ್ಚಿನವು ಎರಡನೇ ವರ್ಷದ್ದೇ. ಅದರಲ್ಲಿ ಒಂದು ಅಪ್ಪ ಬಾಯಿಬಿಟ್ಟು ಹೇಳದೇ ಇದ್ದಿದ್ದು. ಒಬ್ಬರು "ಮೊದಲ ಕಂತಲ್ಲಿ ಎಂಟು ಸಾವಿರ ನೀವು ಹಾಕಿ, ಆಗ ಮಾಡಿಸ್ತೀನಿ" ಅಂದಿದ್ರಂತೆ. ಟಾರ್ಗೆಟ್ ಆಸೆಗೆ ಅಪ್ಪ ಹಾಕಿದ್ರು. ಮೇಲೆ ಹೇಳಿದ 30,000ದ ಪಾಲಿಸಿನೇ ಅದು. 10,500ರಲ್ಲಿ ಟಿಡಿಎಸ್ 525 ಹೋಯ್ತು, ಯಾಕಂದ್ರೆ ಅದು ಪೂರ್ತಿ ಕಮಿಷನ್ ಮೇಲೆ ಬೀಳತ್ತೆ, ಕೈಬಿಟ್ಟ ದುಡ್ಡು ಕಳೆದು ಅಲ್ಲ. ಆ 8,000 ಹೋಗಿ ಉಳಿದಿದ್ದು 1,975. ಮುಂದಿನ ವರ್ಷ ಅವರು ಕಟ್ಟಲೇ ಇಲ್ಲ.

ಇದು ಬರೀ ನಷ್ಟ ಅಲ್ಲ, ತಪ್ಪು ಕೂಡ. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಕಮಿಷನ್‌ನಲ್ಲಿ ಪಾಲು ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ. ದಂಡ ಹತ್ತು ಲಕ್ಷದವರೆಗೆ. ನಿಮ್ಮ ಮನೇಲಿ ಯಾರಾದ್ರೂ "ಏಜೆಂಟ್ ಹತ್ರ ಡಿಸ್ಕೌಂಟ್ ಕೇಳು" ಅಂದ್ರೆ ಇದನ್ನ ತೋರಿಸಿ. ಅಪ್ಪ ಈಗ ಹೇಳೋದು: "ಎಷ್ಟು ವರ್ಷ ಕಟ್ಬೇಕು ಅಂತ ಕೇಳದೇ ಎಷ್ಟು ವಾಪಸ್ ಕೊಡ್ತೀರಿ ಅಂತ ಕೇಳೋರು ಎರಡನೇ ಕಂತು ಕಟ್ಟಲ್ಲ ಕಣಮ್ಮ."

ಸರಿ, ಮನೆ ಲೆಕ್ಕಕ್ಕೆ ಬರೋಣ. ರಿನ್ಯೂವಲ್ ನಿಜವಾಗಿ ಬಂದ 1,68,000ವನ್ನು ಹನ್ನೆರಡರಿಂದ ಭಾಗಿಸಿದೆ: ತಿಂಗಳಿಗೆ 14,000. ಹೊಸ ಪಾಲಿಸಿಗಳ ಕಮಿಷನ್‌ಗೆ ಸರಾಸರಿ ತಗೊಳ್ಳಲಿಲ್ಲ. ನಾಲ್ಕು ವರ್ಷದಲ್ಲಿ ಅತಿ ಕೆಟ್ಟ ವರ್ಷ ಯಾವುದೋ ಅದನ್ನ ಹಿಡಿದೆ, 96,000. ಅಂದ್ರೆ ತಿಂಗಳಿಗೆ 8,000. ಒಟ್ಟು 22,000. ಇದು ಅಪ್ಪನ "ಸಂಬಳ". ಅಮ್ಮನ ಹೊಲಿಗೆಯಿಂದ ಸುಮಾರು 5,000. ನಮ್ಮ ಖರ್ಚು ಬಾಡಿಗೆ, ಗಾಡಿ ಕಂತು, ಪೆಟ್ರೋಲ್ ಎಲ್ಲ ಸೇರಿ 26,000. ಬಿಗಿ, ಆದ್ರೆ ಆಗತ್ತೆ.

ಕಮಿಷನ್ ಬರೋ ಅಕೌಂಟ್‌ನ ಎಟಿಎಂ ಕಾರ್ಡ್ ಈಗ ಅಮ್ಮನ ಬೀರುವಿನಲ್ಲಿದೆ. ಪ್ರತಿ ತಿಂಗಳು 5ನೇ ತಾರೀಖು ಅಲ್ಲಿಂದ 22,000 ಮಾತ್ರ ಮನೆ ಅಕೌಂಟ್‌ಗೆ. ಮಾರ್ಚ್ ಆದ್ರೂ ಅಷ್ಟೇ, ಜೂನ್ ಆದ್ರೂ ಅಷ್ಟೇ.

2025ರ ಮಾರ್ಚ್‌ನಲ್ಲಿ ಹೊಸ ಪ್ರೀಮಿಯಂ 2,00,000. ಹೊಸ ದರದಲ್ಲಿ 56,000, ಟಿಡಿಎಸ್ ಹೋಗಿ 53,200. ಆ ತಿಂಗಳ ರಿನ್ಯೂವಲ್ 38,000. ಒಟ್ಟು 91,200 ಮುಟ್ಟದೇ ಇಟ್ವಿ. ಅಪ್ಪ ಎರಡು ದಿನ ಮಾತಾಡಲಿಲ್ಲ. "ನನ್ನ ದುಡ್ಡು ನಾನು ನೋಡೋ ಹಾಗಿಲ್ವಾ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ, ಶೀಟ್ ತೋರಿಸಿದೆ ಅಷ್ಟೇ. ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ರಿನ್ಯೂವಲ್ ಬಿಟ್ಟು ಏನೂ ಬರಲಿಲ್ಲ, ಒಟ್ಟು 21,200. ಮನೆಗೆ ಹೋಗಿದ್ದು 66,000. ಜೂನ್ ಕೊನೆಗೆ ಉಳಿದಿದ್ದು 46,400, ಅದರಲ್ಲಿ ನನ್ನ ಫೀಸ್ 28,000 ಕಟ್ಟಿದ್ವಿ. ಬಳೆ ಅಮ್ಮನ ಕೈಯಲ್ಲೇ ಇತ್ತು.

ಮಿಕ್ಕಿದ್ದು 18,400. ಒಂದು ತಿಂಗಳ ಸಂಬಳಕ್ಕೂ ಸಾಲದು, ಗೊತ್ತು. ಮೂರು ತಿಂಗಳದ್ದು ಸದಾ ಇರಬೇಕು ಅಂತ ಶೀಟ್‌ನಲ್ಲಿ ನಾನೇ ಬರೆದಿದ್ದೆ. ಇನ್ನೂ ಆಗಿಲ್ಲ. ಒಂದು ಸಹಾಯ ಏನಂದ್ರೆ, ವರ್ಷಪೂರ್ತಿ ಕಡಿದ ಟಿಡಿಎಸ್ 16,000 ದಾಟಿತ್ತು. ಅಪ್ಪನ ಆದಾಯಕ್ಕೆ ಟ್ಯಾಕ್ಸೇ ಬೀಳಲ್ಲ, ಆದ್ದರಿಂದ ರಿಟರ್ನ್ ಹಾಕಿದ್ರೆ ಅದು ವಾಪಸ್. ಹಿಂದೆಲ್ಲ "ಯಾರು ಓಡಾಡ್ತಾರೆ" ಅಂತ ಬಿಟ್ಟಿದ್ರು! 2025ರ ಏಪ್ರಿಲ್‌ನಿಂದ ಆ ಕಡಿತವೂ 5ರಿಂದ 2%ಗೆ ಇಳಿದಿದೆ.

ಮೊನ್ನೆ 5ನೇ ತಾರೀಖು ನಾನು ಕ್ಲಾಸ್‌ನಲ್ಲಿದ್ದಾಗ ಅಪ್ಪನ ಮೆಸೇಜ್ ಬಂತು: "ಸಂಬಳ ಹಾಕಿದ್ಯಾ ಮ್ಯಾನೇಜರ್ರೇ? ಪೆಟ್ರೋಲ್ ಇಲ್ಲ, ಯಶವಂತಪುರದಲ್ಲಿ ನಿಂತಿದೀನಿ."